ಒಂದು ‘ನ’ ಜಾಸ್ತಿ

“ಆ ಯೂನಿಫಾರ್ಮಿಗೆ ಇಸ್ತ್ರಿ ಹಾಕ್ಬೇಡಮ್ಮ. ನಾಳೆಯಿಂದ ನಾನು ಶಾಲೆಗೆ ಹೋಗಲ್ಲ.”

ಬಾಗಿಲಲ್ಲೇ ಬ್ಯಾಗ್ ಎಸೆದು ನಿಂತ ಮಗಳ ಮುಖ ನೋಡಿ ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಎಂಟನೇ ತರಗತಿಗೆ ಮೊದಲಿಗಳು. ಅತ್ತು ಮನೆಗೆ ಬಂದವಳೇ ಅಲ್ಲ. ಮಗಳು ಪುಸ್ತಕ ತೆರೆದು ತೋರಿಸಿದಳು. ಜರ್ಮನ್ ಕ್ಲಾಸಿನ ಹೊಸ ಪದ: ಶಾಡನ್‌ಫ್ರಾಯ್ಡೆ. ‘ಶಾಡನ್’ ಅಂದರೆ ಹಾನಿ, ‘ಫ್ರಾಯ್ಡೆ’ ಅಂದರೆ ಸಂತೋಷ. ಮಗಳು ಬರೆಯುವಾಗ ನಡುವೆ ಒಂದು ‘ನ’ ಜಾಸ್ತಿ ಸೇರಿಸಿದ್ದಳು. ಫ್ರಾಯ್ನ್ಡೆ. ಅಂದರೆ ಗೆಳೆಯರು.

“ಮಿಸ್ ಬೋರ್ಡ್ ಹತ್ರ ಕರೆದು ಅರ್ಥ ಹೇಳು ಅಂದ್ರು. ನಷ್ಟ ಆದಾಗ ಜೊತೆಗೆ ಬರೋ ಗೆಳೆಯರು, ಉದಾಹರಣೆಗೆ ನಮ್ಮ ಚುಟುಕಿ ಅಂದೆ. ಮಿಸ್ ಅಂದ್ರು, ಅಲ್ಲಮ್ಮ, ಬೇರೆಯವರಿಗೆ ನಷ್ಟ ಆದಾಗ ನಮಗಾಗೋ ಖುಷಿ ಅಂತ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮೊದಲು ನಕ್ಕಿದ್ದೇ ಚುಟುಕಿ!”

ಚುಟುಕಿ ಅಂದರೆ ಒಂದನೇ ತರಗತಿಯಿಂದ ಒಂದೇ ಬೆಂಚಿನ ಗೆಳತಿ. ಪ್ರತಿ ಪರೀಕ್ಷೆಯಲ್ಲೂ ಮಗಳಿಗಿಂತ ಒಂದೋ ಎರಡೋ ಅಂಕ ಹಿಂದೆ.

“ಅವಳಿಗೆ ನನ್ನ ಕಂಡ್ರೆ ಆಗಲ್ಲ. ಬಸ್ಸಲ್ಲಿ ಸೀಟು ಹಿಡಿದಿಟ್ಟಿದ್ಲು, ನಾನು ಕೂರಲೇ ಇಲ್ಲ. ನಿಂತ್ಕೊಂಡೇ ಬಂದೆ. ಇನ್ನು ಅವಳ ಜೊತೆ ಟೂ.”

ಆ ಜರ್ಮನ್ ಪದ ಅಮ್ಮನಿಗೆ ಹೊಸದು. ಒಳಗಿನ ರುಚಿ ಮಾತ್ರ ಹೊಸದಲ್ಲ. ಇವತ್ತು ಮಧ್ಯಾಹ್ನವಷ್ಟೇ ಆಫೀಸಿನಲ್ಲಿ ಅದನ್ನು ಉಂಡು ಬಂದಿದ್ದಳು.

“ನಾನೂ ಇವತ್ತು ನಕ್ಕೆ ಕಣೇ,” ಎಂದಳು. “ನಮ್ಮ ಆಫೀಸಿನ ಕಾಮಾ ಮೇಡಂ ಗೊತ್ತಲ್ಲ?”

ಗೊತ್ತಿಲ್ಲದೇ ಏನು! ಅಮ್ಮ ಬರೆದ ಪ್ರತಿ ಪತ್ರದಲ್ಲೂ ಬಿಟ್ಟುಹೋದ ಕಾಮಾ, ಅಂದರೆ ಅಲ್ಪವಿರಾಮ, ಹುಡುಕಿ ಕೆಂಪು ಸುತ್ತು ಹಾಕಿ, ಎಲ್ಲರೆದುರು ವಾಪಸು ಕೊಡುವವರು. ಮನೆಯಲ್ಲಿ ಆ ಹೆಸರಿಲ್ಲದೆ ರಾತ್ರಿಯ ಊಟ ಮುಗಿಯುತ್ತಿರಲಿಲ್ಲ.

“ಅವರೇ ನಲವತ್ತು ಶಾಖೆಗಳಿಗೂ ಸುತ್ತೋಲೆ ಕಳಿಸಿದಾರೆ, ಜೂನ್ ಮೂವತ್ತೊಂದಕ್ಕೆ ಸಭೆ ಅಂತ.”

“ಜೂನಲ್ಲಿ ಮೂವತ್ತೇ ದಿನ ಅಲ್ವಾ?” ಮಗಳು ಅಳುತ್ತಿದ್ದುದನ್ನೂ ಮರೆತು ಕಿಸಕ್ಕೆಂದಳು.

“ನೋಡು, ನೀನೂ ನಕ್ಕೆ! ನಾನೇನು ಅವರ ಕೈಲಿ ತಪ್ಪು ತಾರೀಖು ಬರೆಸಿದ್ನಾ? ಇಲ್ಲ. ಅವರ ಕೆಲಸ ಹೋಗ್ಲಿ ಅಂದ್ಕೊಂಡ್ನಾ? ಅದೂ ಇಲ್ಲ. ಆದ್ರೂ ಹಾಲು ಕುಡಿದಷ್ಟು ಸಂತೋಷ ಆಯ್ತು. ಹೊಸದಾಗಿ ಸೇರಿದ ಟೈಪಿಸ್ಟ್ ಇದೇ ತಪ್ಪು ಮಾಡಿದ್ರೆ ಪಾಪ ಅಂತಿದ್ದೆ. ಕಾಮಾ ಮೇಡಂ ಅಂದ ಕೂಡ್ಲೇ ಹೊಟ್ಟೆ ತಣ್ಣಗಾಯ್ತು. ಅಷ್ಟು ಎತ್ತರದಲ್ಲಿದ್ದವರು ಒಂದು ಮೆಟ್ಟಿಲು ಇಳಿದು ನನ್ನ ಪಕ್ಕಕ್ಕೆ ಬಂದ ಹಾಗೆ. ಹೊಟ್ಟೆಕಿಚ್ಚಿನದೇ ಇನ್ನೊಂದು ಮಗ್ಗುಲು ಇದು. ಅದು ಇನ್ನೊಬ್ಬರು ಗೆದ್ದಾಗ ಉರಿಯುತ್ತೆ, ಇದು ಅವರು ಎಡವಿದಾಗ ತಂಪಾಗುತ್ತೆ.”

“ಆಮೇಲೆ?”

“ಆಮೇಲೆ ಅವರು ಮುಖ ತೊಳ್ಕೊಂಡು ಬಂದ್ರು. ಕಣ್ಣು ಕೆಂಪಗಿತ್ತು. ಅಷ್ಟೇ, ನನ್ನ ಹಾಲೆಲ್ಲ ಒಡೆದು ಹೋಯ್ತು. ಮನೆಗೆ ಹೊರಡೋವರೆಗೂ ಅವರ ಮೇಜಿನ ಕಡೆ ತಲೆ ಎತ್ತಿ ನೋಡೋಕಾಗ್ಲಿಲ್ಲ.”

ಮಗಳು ಪುಸ್ತಕದ ಅಂಚನ್ನು ಸುರುಳಿ ಸುತ್ತುತ್ತಾ ಕೂತಳು. “ಚುಟುಕೀನೂ ಆಮೇಲೆ ನನ್ನ ಕಡೆ ನೋಡ್ಲಿಲ್ಲ,” ಎಂದಳು, ತನಗೇ ಹೇಳಿಕೊಂಡ ಹಾಗೆ. “ಸೀಟಿನ ಮೇಲೆ ಬ್ಯಾಗ್ ಇಟ್ಕೊಂಡು ಕಿಟಕೀನೇ ನೋಡ್ತಾ ಇದ್ಲು.” ಆಮೇಲೆ ತಟ್ಟನೆ ಕೇಳಿದಳು, “ನೀನು ಕಾಮಾ ಮೇಡಂಗೆ ಏನಂದೆ?”

“ಏನೂ ಅನ್ನಲಿಲ್ಲ.”

“ಒಂದು ಸೀಟೂ ಹಿಡಿದಿಡಲಿಲ್ವಾ?”

ಅಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡಳು. ಆ ಕಡೆ ಗಂಟೆ ಬಹಳ ಹೊತ್ತು ಬಡಿಯಿತು.

“ಮೇಡಂ, ನಾನು. ನಾಳೆ ಶಾಖೆಗಳಿಗೆಲ್ಲ ಫೋನ್ ಮಾಡಿ ತಾರೀಖು ಸರಿ ಮಾಡ್ಬೇಕಲ್ಲ... ನಾನು ಒಂದು ಗಂಟೆ ಮುಂಚೆ ಬರ್ತೀನಿ. ಇಪ್ಪತ್ತು ನಿಮಗೆ, ಇಪ್ಪತ್ತು ನನಗೆ.”

ಆ ಕಡೆ ಮೂಗು ಸೀಟಿದ ಸದ್ದು. “ಪಟ್ಟಿ ನಾನೇ ಬರ್ಕೊಂಡು ಬರ್ತೀನಿ. ನೀವು ಬರೆದ್ರೆ ಕಾಮಾ ಬಿಟ್ಟಿರ್ತೀರ,” ಎಂದಿತು ಒದ್ದೆ ದನಿ.

ಅಮ್ಮ ನಗುತ್ತಾ ತಿರುಗಿದಾಗ, ಮಗಳು ಪುಸ್ತಕದಲ್ಲಿ ಮಿಸ್ ಕೆಂಪು ಸುತ್ತು ಹಾಕಿದ್ದ ಆ ‘ನ’ದ ಮೇಲೆ ರಬ್ಬರ್ ಹಿಡಿದು ಕೂತಿದ್ದಳು. ಒಮ್ಮೆ ಅಮ್ಮನನ್ನು, ಒಮ್ಮೆ ಫೋನನ್ನು ನೋಡಿದಳು. ರಬ್ಬರನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

“ಅಮ್ಮಾ, ಯೂನಿಫಾರ್ಮಿಗೆ ಇಸ್ತ್ರಿ ಹಾಕು. ನಾಳೆ ನಾನೂ ಬೇಗ ಹೋಗ್ಬೇಕು. ಬಸ್ಸಲ್ಲಿ ಎರಡು ಸೀಟು ಹಿಡೀಬೇಕು.”