ಬೆಟ್ಟೇಗೌಡ ಮೇಷ್ಟ್ರ ರಸ್ತೆ

ದೇವಿರಮ್ಮನ ಅರ್ಜಿಯನ್ನು ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಓದಿ ಮುಗಿಸುವ ಮೊದಲೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದವನು ಅವಳ ಸ್ವಂತ ಮೈದುನ, ಕಾಲೋನಿಯಿಂದ ಆರಿಸಿಬಂದ ಸದಸ್ಯ ಕೆಂಪರಾಜು.

ಅರ್ಜಿಯಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಬಸ್ಸು ನಿಲ್ಲುವಲ್ಲಿಂದ ಕಾಲೋನಿಗೆ ಹೋಗುವ ಗಲ್ಲಿಗೆ ಇದುವರೆಗೆ ಹೆಸರಿಲ್ಲ. ಅಂಚೆಯವನಿಗೂ ತೊಂದರೆ, ಗ್ಯಾಸಿನವನಿಗೂ ತೊಂದರೆ. ಆದ್ದರಿಂದ ಊರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ದಿವಂಗತ ಬೆಟ್ಟೇಗೌಡ ಮೇಷ್ಟ್ರ ಹೆಸರನ್ನು ಅದಕ್ಕೆ ಅಧಿಕೃತವಾಗಿ ಇಡಬೇಕು. ಅಷ್ಟೇ.

ಆದರೆ ಬೆಟ್ಟೇಗೌಡ ಮೇಷ್ಟ್ರು ಕಾಲೋನಿಯ ಮಕ್ಕಳನ್ನು ಹೊರಗೆ ಜಗಲಿಯಲ್ಲಿ ಕೂರಿಸಿ, ಒಳಗಿನಿಂದಲೇ ಪಾಠ ಹೇಳಿದವರು. ಕೆಂಪರಾಜು, ಅವನ ಅಣ್ಣ ಮರಿಯಯ್ಯ, ಅಣ್ಣನ ಹೆಂಡತಿ ದೇವಿರಮ್ಮ, ಮೂವರೂ ಆ ಜಗಲಿಯಲ್ಲಿ ಕೂತವರೇ.

"ಅತ್ಗೆ, ಬ್ಯಾರೆ ಯಾರ ಎಸ್ರೂ ಸಿಗ್ನಿಲ್ವಾ ನಿಂಗೆ?" ಎಂದು ಅವನು ಮನೆ ಬಾಗಿಲಿಗೇ ಬಂದು ಕೇಳಿದ.

"ಅವ್ರು ಕಲ್ಸಿದ ಅಕ್ಸರದಲ್ಲೇ ಅರ್ಜಿ ಬರ್ದಿವ್ನಿ ಕಣಪ್ಪ, ಬುಡು" ಎಂದಳು ದೇವಿರಮ್ಮ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಮರಿಯಯ್ಯ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಅವನು ಎದೆ ಹಿಡಿದುಕೊಂಡು ಕುಸಿದ ದಿನ ಮಳವಳ್ಳಿಯಿಂದ ಆಂಬುಲೆನ್ಸು ಬೇಗನೇ ಬಂದಿತ್ತು. ಬಂದು ಗಲ್ಲಿಯ ಬಾಯಲ್ಲಿ, ಗೇಟಿನ ಮುಂದೆ ನಿಂತಿತ್ತು. ಗೇಟು ಮೇಷ್ಟ್ರ ಮಗ ಶಿವಣ್ಣನದು. ಗಲ್ಲಿಯ ಎರಡೂ ಮಗ್ಗುಲಿಗೆ ಅವನದೇ ಕಬ್ಬಿನ ಗದ್ದೆ. ನಡೆದುಹೋಗುವವರಿಗೆ ಪಕ್ಕದಲ್ಲೊಂದು ಸಂದು ಬಿಟ್ಟಿದ್ದ. ಗಾಡಿ ಬರಬೇಕಾದರೆ ಅವನ ಮನೆಗೆ ಹೋಗಿ ಬೀಗದ ಕೈ ಬೇಡಬೇಕು. ಆ ದಿನ ಮನೆಯವರೆಲ್ಲ ಹೊಳಲಿಗೆ ಮದುವೆಗೆ ಹೋಗಿದ್ದರು. ಮರಿಯಯ್ಯನನ್ನು ಮಂಚದ ಮೇಲೆ ಹೊತ್ತು ಗೇಟಿನವರೆಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೇವಿರಮ್ಮ ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಒಳಗೆಲ್ಲ ಮರಗಟ್ಟಿಹೋಗಿತ್ತು. ಊಟ ಮಾಡಿದರೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿರಲಿಲ್ಲ.

ಅಂಥವಳು ಈಗ ಗೌಡರ ಮನೆಯ ಹೆಸರು ಹೊತ್ತು ತಿರುಗಿದರೆ ಕಾಲೋನಿ ಸುಮ್ಮನಿರುತ್ತದೆಯೇ? ಒಂದು ಬೀಗದ ಕೈಗೋಸ್ಕರ ಶಿವಣ್ಣನ ಕಾಲು ಹಿಡಿದಿದ್ದಾಳೆ ಎಂದು ನಲ್ಲಿಯ ಹತ್ತಿರ ಹೆಂಗಸರು ಅವಳಿಗೆ ಕೇಳಿಸುವಂತೆಯೇ ಆಡಿಕೊಂಡರು.

ಅವಳು ಒಂದು ಅವಧಿಗೆ ಪಂಚಾಯಿತಿ ಸದಸ್ಯೆಯಾಗಿದ್ದವಳು. ಅರ್ಜಿ ಕೊಟ್ಟರೆ ಸಾಲದು, ಅದರ ಬೆನ್ನು ಬೀಳಬೇಕೆಂದು ಗೊತ್ತಿತ್ತು. ಬದುಕಿರುವವರ ಹೆಸರು ಇಡುವಂತಿಲ್ಲ, ಮರಣ ಪ್ರಮಾಣಪತ್ರ ಬೇಕು ಎಂದರು ಅಭಿವೃದ್ಧಿ ಅಧಿಕಾರಿ ಶಶಿರೇಖಾ. ಮನೆಯವರ ಒಪ್ಪಿಗೆಯೂ ಬೇಕು. ಜೊತೆಗೆ ಇನ್ನೊಂದು ತೊಡಕಿತ್ತು. ಗಲ್ಲಿ ಪಂಚಾಯಿತಿಯ ರಸ್ತೆ ವಹಿಯಲ್ಲೇ ಇರಲಿಲ್ಲ. ಹಿಂದೆ ಚರಂಡಿಗೆಂದು ಬಂದ ಅನುದಾನ ಇದೇ ಕಾರಣಕ್ಕೆ ವಾಪಸ್ಸು ಹೋಗಿತ್ತು. ವಹಿಗೆ ಸೇರಿಸಬೇಕಾದರೆ ಉದ್ದಗಲ ಅಳೆದು ನಕ್ಷೆ ಮಾಡಬೇಕು, ಪಕ್ಕದ ಜಮೀನಿನವರು ಹೇಳಿಕೆ ಬರೆದುಕೊಡಬೇಕು.

ಶಿವಣ್ಣ ಹಿಗ್ಗಿ ಹೀರೇಕಾಯಿಯಾಗಿದ್ದ. ಪ್ರಮಾಣಪತ್ರ ತಾನೇ ತಂದುಕೊಟ್ಟ. ಟೇಪಿನ ಒಂದು ತುದಿಯನ್ನೂ ತಾನೇ ಹಿಡಿದ. ದೇವಿರಮ್ಮ ಬರೆದು ತಂದ ಹೇಳಿಕೆಯಲ್ಲಿ ಅಪ್ಪನ ಹೆಸರು ಸರಿಯಾಗಿದೆಯೇ ಎಂದು ನೋಡಿ ರುಜು ಹಾಕಿದ. ಆಮೇಲೆ ಜೇಬಿನಿಂದ ಒಂದು ಬೀಗದ ಕೈ ತೆಗೆದ.

"ನೀನೊಂದು ಮಡಿಕಳಮ್ಮ. ನಮ್ಮಪ್ಪನ ಮ್ಯಾಲೆ ಇಷ್ಟು ಗೌರವ ಮಡಗಿದೀಯ."

"ಬ್ಯಾಡಿ ಬುಡಿ ಗೌಡ್ರೆ. ಅದ್ಕಲ್ಲ ನಾನು ಮಾಡ್ತಿರೋದು."

ಈ ಮಾತು ಕೇಳಿ ಶಿವಣ್ಣನ ಕಣ್ಣು ನಿಜಕ್ಕೂ ಒದ್ದೆಯಾಯಿತು.

ಪ್ರಕಟಣೆಯನ್ನು ಪಂಚಾಯಿತಿ, ಅಂಗನವಾಡಿ, ಹಾಲಿನ ಡೈರಿಯ ಗೋಡೆಗಳಿಗೆ ಅಂಟಿಸಿದರು. ಆಕ್ಷೇಪಣೆಗೆ ಒಂದು ತಿಂಗಳ ಗಡುವು. ಬಂದದ್ದು ಒಂದೇ ಆಕ್ಷೇಪಣೆ, ಕೆಂಪರಾಜುವಿನದು. ಅದೊಂದಿದ್ದರೆ ಸಾಕು, ವಿಷಯ ತಾಲ್ಲೂಕಿಗೆ ಹೋಗಿ ಕೊಳೆಯುತ್ತದೆ. ದೇವಿರಮ್ಮ ಮೈದುನನ ಮನೆಗೆ ಹೋದಳು. ಕೆಂಪರಾಜು ಒಳ್ಳೆಯವನೇ, ಆದರೆ ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನದೊಳಗೆ ಊರಿಗೆಲ್ಲ ಹಂಚುವವನು. ಆದ್ದರಿಂದ ಅವಳು ಯಾವ ವಿವರಣೆಗೂ ಹೋಗದೆ ಅದನ್ನು ವಾಪಸ್ಸು ತೆಗೆದುಕೊಳ್ಳುವಂತೆ ಕೇಳಿದಳು.

"ನಮ್ಮಣ್ಣ ಆ ಗೇಟ್ ಮುಂದೇನೆ ಸತ್ತ. ನೀನು ಅಲ್ಗೇ ಊವಿನ ಆರ ಆಕ್ತೀಯ?"

"ಊ ಕಣಪ್ಪ, ಆಕ್ತೀನಿ."

ಅಣ್ಣನ ಹೆಂಡತಿಯ ಮಾತು ಮೀರಲಾರದೆ ಅವನು ಆಕ್ಷೇಪಣೆ ವಾಪಸ್ಸು ಪಡೆದ. ಅಂದಿನಿಂದ ಅತ್ತಿಗೆಯ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟ. ಆ ಕಾಲೋನಿಯಲ್ಲಿ ಅವಳಿಗೆ ತನ್ನವನೆಂದು ಉಳಿದಿದ್ದವನು ಅವನೊಬ್ಬನೇ.

ಗ್ರಾಮಸಭೆ ಒಪ್ಪಿತು. ಗಲ್ಲಿಯನ್ನು ವಹಿಗೆ ಸೇರಿಸಿ, ಹೆಸರಿಟ್ಟು, ಠರಾವು ಬರೆದರು. ಒಂದು ಪ್ರತಿ ತಾಲ್ಲೂಕು ಪಂಚಾಯಿತಿಗೆ ಹೋಯಿತು, ಇನ್ನೊಂದು ಅರ್ಜಿದಾರಳಿಗೆ ಬಂತು. ನೀಲಿ ಫಲಕವನ್ನು ಗೇಟಿನ ಪಕ್ಕದ ಕಲ್ಲುಕಂಬಕ್ಕೆ ಕೂರಿಸಿದರು. ಶಿವಣ್ಣ ಶಾಮಿಯಾನ ಹಾಕಿಸಿ, ಊರಿಗೆಲ್ಲ ಕೇಸರಿಬಾತು ಹಂಚಿ, ಅಪ್ಪ ಜಾತಿ ನೋಡದೆ ಅಕ್ಷರ ಕೊಟ್ಟರೆಂದು ಮೈಕಿನಲ್ಲಿ ಭಾಷಣ ಮಾಡಿದ. ಕಾಲೋನಿಯಿಂದ ಬಂದವಳು ದೇವಿರಮ್ಮ ಒಬ್ಬಳೇ. ಅವಳು ಫಲಕಕ್ಕೆ ಹಾರ ಹಾಕಿ, ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಸಂದಿನಲ್ಲಿ ನುಸುಳಿಕೊಂಡು ಮನೆಗೆ ಹೋದಳು.

ಸೋಮವಾರ ಅವಳು ಶಶಿರೇಖಾ ಅವರ ಮೇಜಿನ ಮೇಲೆ ಎರಡನೆಯ ಅರ್ಜಿ ಇಟ್ಟಳು. ವಿಷಯ: ಬೆಟ್ಟೇಗೌಡ ಮೇಷ್ಟ್ರ ರಸ್ತೆಗೆ ಅಡ್ಡಲಾಗಿ ಹಾಕಿರುವ ಗೇಟನ್ನು ತೆರವುಗೊಳಿಸುವ ಬಗ್ಗೆ.

ಅದಕ್ಕೆ ಲಗತ್ತಿಸಿದ್ದು, 'ಇದು ನಮ್ಮ ತಂದೆಯವರ ಕಾಲದಿಂದಲೂ ಸಾರ್ವಜನಿಕರ ರಸ್ತೆ, ಇದರ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇಲ್ಲ' ಎಂದು ಶಿವಣ್ಣ ರುಜು ಮಾಡಿಕೊಟ್ಟಿದ್ದ ಹೇಳಿಕೆ.