ಗೂಬೆ ಕಾಯಿನ್‌ಗೆ ಹಾಕಿದ್ದ ಬೀಗ

ಊಟದ ಬಿಡುವಿನಲ್ಲಿ ಅಕ್ಕ ತಮ್ಮ ಕೆಲಸಕ್ಕಿದ್ದ ಫ್ಲೆಕ್ಸ್ ಅಂಗಡಿಗೆ ಓಡಿಬಂದಾಗ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಬಟ್ಟೆ ಅಂಗಡಿಯ ಆಲ್ಟರೇಷನ್ ಮೂಲೆಯಿಂದ ಎದ್ದವಳು ಅದನ್ನು ತೆಗೆದಿಡುವುದನ್ನೂ ಮರೆತಿದ್ದಳು. ತಮ್ಮನ ಕಂಪ್ಯೂಟರಿನಲ್ಲಿ ಯಾವುದೋ ಶೋರೂಮಿನ ಬ್ಯಾನರು ಅರ್ಧಕ್ಕೆ ನಿಂತಿತ್ತು. ಅವನು ಫೋನಿನಿಂದ ಕಣ್ಣು ಕೀಳಲಿಲ್ಲ.

“ನನ್ನ ಫೋನಲ್ಲಿ ಸೊನ್ನೆ ತೋರಿಸ್ತಿದೆ ಕಣೋ. ನೆಟ್‌ವರ್ಕ್ ಇಲ್ವಾ?”

“ನೆಟ್‌ವರ್ಕ್ ಚೆನ್ನಾಗೇ ಇದೆ. ಕೂತ್ಕೋ ಅಕ್ಕ.”

ಸ್ವಂತದ್ದೊಂದು ಟೈಲರಿಂಗ್ ಅಂಗಡಿ ಹಿಡಿಯಲು ಅಡ್ವಾನ್ಸಿಗೆಂದು ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ್ದನ್ನೆಲ್ಲ ಅವಳು ಗೂಬೆ ಕಾಯಿನ್ ಎಂಬ ಕ್ರಿಪ್ಟೋ ನಾಣ್ಯಕ್ಕೆ ಹಾಕಿದ್ದಳು. ಮೊದಲ ಸಲ ಹೆಸರು ಕೇಳಿದಾಗ, “ಹೋಗಿ ಹೋಗಿ ಗೂಬೆಗೆ ದುಡ್ಡು ಹಾಕ್ತಾರೇನೋ?” ಎಂದು ನಕ್ಕವಳೂ ಅವಳೇ. ದುಡ್ಡು ನಾಲ್ಕು ಪಟ್ಟಾದ ದಿನ ಮಾರಿಬಿಡೋಣ ಎಂದಳು. ತಮ್ಮ ಬಿಡಲಿಲ್ಲ. “ಹೋಡ್ಲ್ ಅಕ್ಕ, ಹೋಡ್ಲ್! ಏನೇ ಆದ್ರೂ ಮಾರದೆ ಹಿಡ್ಕೊಂಡಿರೋದು. ಈಗ ಮಾರಿದ್ರೆ ನಾಳೆ ಕೈ ಕೈ ಹಿಸುಕ್ಕೋತೀಯ” ಎಂದಿದ್ದ. ಗೂಬೆ ಕೊಂಡವರ ಆನ್‌ಲೈನ್ ಗುಂಪಿನಲ್ಲಿ ಅವನಿಗೆ, ಹಿಡಿದದ್ದನ್ನು ಬಿಡದವನೆಂದು, ವಜ್ರದ ಕೈ ಎಂದೇ ಹೆಸರು. ಬೆಲೆ ಜಾರಿದಾಗಲೆಲ್ಲ ರಾಕೆಟ್ ಹತ್ತಿದ ಗೂಬೆ, ಚಂದ್ರನ ಮೇಲೆ ಕಾಲು ಚಾಚಿದ ಗೂಬೆ ಎಂದು ಮೀಮ್ ಮಾಡಿ ಹಾಕಿ ನೂರಾರು ಜನರ ಎದೆ ಗಟ್ಟಿ ಮಾಡುತ್ತಿದ್ದವನು ಅವನೇ.

“ನನ್ನ ಗೂಬೆಗಳು ಒಂದೂ ಕಮ್ಮಿಯಾಗಿಲ್ವಲ್ಲ. ಎಷ್ಟು ತಗೊಂಡಿದ್ನೋ ಅಷ್ಟೂ ಇದೆ” ಎಂದಳು ಅಕ್ಕ.

“ಗೂಬೆ ಇದೆ. ಕೊಳ್ಳೋ ದುಡ್ಡಿಲ್ಲ.” ಅವನು ನಿಧಾನವಾಗಿ ಬಿಡಿಸಿ ಹೇಳಿದ. “ಕಾಯಿನ್ ಮಾಡಿದವರು ಒಂದು ಕೊಳ ಅಂತ ಇಟ್ಟಿರ್ತಾರೆ. ಅದರಲ್ಲಿ ಅರ್ಧ ಗೂಬೆ, ಅರ್ಧ ಈಥರ್. ಈಥರ್ ಅಂದ್ರೆ ಹೊರಗಡೆ ನಿಜವಾಗ್ಲೂ ಬೆಲೆ ಇರೋ ಇನ್ನೊಂದು ಕಾಯಿನ್. ನಾವು ಕೊಂಡಾಗ ನಮ್ಮ ಈಥರ್ ಅಲ್ಲಿಗೆ ಹೋಗುತ್ತೆ, ಮಾರಿದಾಗ ಅಲ್ಲಿಂದಲೇ ಬರ್ಬೇಕು. ಇವತ್ತು ಬೆಳಿಗ್ಗೆ ಅವರು ಈಥರ್ ಪೂರ್ತಿ ಬಳ್ಕೊಂಡು ಹೋದ್ರು. ರಗ್ ಪುಲ್ ಅಂತಾರೆ, ನಿಂತಿರೋ ಜಮಖಾನನೇ ಎಳೆದುಬಿಡೋದು.”

“ಇರೋ ಬೆಲೆಗೇ ಮಾರು.”

ಅವನು ಅವಳ ಫೋನಿನಲ್ಲಿ ಮಾರುವ ಪುಟ ತೆರೆದು ತೋರಿಸಿದ. ಅಷ್ಟೂ ಗೂಬೆಗಳಿಗೆ ಸಿಗುವುದಕ್ಕಿಂತ ಮಾರಾಟದ ಶುಲ್ಕವೇ ಹೆಚ್ಚಿತ್ತು. ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಒಳಗೆ ಪ್ರಿಂಟರು ಯಾರದೋ ಮದುವೆಯ ಬ್ಯಾನರನ್ನು ಅಚ್ಚು ಹಾಕುತ್ತಲೇ ಇತ್ತು.

“ಆ ಕೊಳಕ್ಕೆ ಬೀಗ ಹಾಕಿದಾರೆ ಅಂದಿದ್ಯಲ್ಲೋ? ನೀನೇ ಚಿತ್ರ ಮಾಡಿ ಕಳಿಸಿದ್ದೆ. ಅದನ್ನ ನೋಡೇ ತಾನೇ ನಾನು ಹಾಕಿದ್ದು.”

ಬೀಗ ಹಾಕಿದ್ದು ನಿಜ. ಇಂತಿಷ್ಟು ದಿನ ಕೊಳವನ್ನು ಮುಟ್ಟುವಂತಿಲ್ಲ ಎಂಬ ಬೀಗ. ಅದರ ಪುಟವನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ತಮ್ಮ ಅದರ ಚಿತ್ರ ತೆಗೆದು, ಮೇಲೊಂದು ಗೊರಕೆ ಹೊಡೆಯುವ ಗೂಬೆ ಕೂರಿಸಿ, ‘ಬೀಗ ಬಿದ್ದಿದೆ, ನಿಶ್ಚಿಂತೆಯಾಗಿ ಮಲಗಿ’ ಎಂದು ಬರೆದಿದ್ದ. ಬೀಗ ತೆರೆಯುವ ತಾರೀಖು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ವಿನ್ಯಾಸಕ್ಕೆ ಅಡ್ಡವಾಗಿ ಕಂಡಿತೆಂದು ಆ ಸಾಲನ್ನು ಕತ್ತರಿಸಿ ತೆಗೆದಿದ್ದ. ಕತ್ತರಿಸಿದ ಮೇಲೆ ಅವನಿಗೇ ಮರೆತುಹೋಯಿತು. ಆ ತಾರೀಖು ಇವತ್ತಿನದು.

ಅದನ್ನೂ ಹೇಳಿದ. ಬೈಯಲಿ, ಬೇಕಾದರೆ ಕೆನ್ನೆಗೊಂದು ಬಾರಿಸಲಿ ಎಂದು ಕಾದ. ಅಕ್ಕ ಕೊರಳಿನ ಟೇಪನ್ನು ತೆಗೆದು ಸುರುಳಿ ಸುತ್ತತೊಡಗಿದಳು. ಬೈಯುವುದಕ್ಕೂ ತ್ರಾಣ ಬೇಕಲ್ಲ! ಗುಂಪಿನಲ್ಲಿ ಆಗಲೇ ನಗು ಶುರುವಾಗಿತ್ತು. ಬೋಳಾದ ಗೂಬೆ, ತಟ್ಟೆ ಹಿಡಿದು ಕೂತ ಗೂಬೆ. ಕಳೆದುಕೊಂಡವರೇ ಮಾಡಿ ಹಾಕುತ್ತಿದ್ದರು, ಕಳೆದುಕೊಂಡವರೇ ನಗುತ್ತಿದ್ದರು. ಅವುಗಳ ನಡುವೆ ಒಂದು ಸಂದೇಶ ಬಂತು: ‘ಮೋಸ ಹೋದವರೆಲ್ಲ ಸೇರಿ ನಮ್ಮದೇ ಕಾಯಿನ್ ಮಾಡೋಣ. ಹೆಸರು ಗೂಬೆಮರಿ. ಸಂಜೆ ಬಿಡುಗಡೆ. ವಜ್ರದ ಕೈ, ಒಂದು ಒಳ್ಳೇ ಮೀಮ್ ಮಾಡಪ್ಪ.’

ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅಕ್ಕ ಕೈಚಾಚಿ ಅದನ್ನು ತಿರುಗಿಸಿ, ಸಂದೇಶವನ್ನು ಇನ್ನೊಮ್ಮೆ ಓದಿದಳು. ಆಮೇಲೆ ಬೆರಳಿನ ಚಿನ್ನದ ಉಂಗುರವನ್ನು ತಿರುವಿ ತಿರುವಿ ಗೆಣ್ಣಿನವರೆಗೆ ತಂದಳು. ಅಲ್ಲಿಂದಾಚೆ ಅದು ಬರಲಿಲ್ಲ.

“ಈ ಗೂಬೆಮರಿ ಇನ್ನೂ ಶುರುವಾಗಿಲ್ಲ ಅಲ್ವಾ?” ಎಂದಳು. “ಸ್ವಲ್ಪ ಸೋಪು ಇದ್ರೆ ಕೊಡು.”