ದೊಡ್ಡವಳಾದ ಮೇಲೆ

ಹನ್ನೆರಡು ತುಂಬುವ ಹುಡುಗಿಗೆ ಏನು ಕೊಡಬೇಕೆಂದು ಅಂಗಡಿಯವನಿಗೂ ಹೊಳೆಯಲಿಲ್ಲ. ಬೊಂಬೆ ತೋರಿಸಿದರೆ ಅವಳು ಮುಖ ತಿರುಗಿಸಿದಳು. ಮಣಿ ಪೋಣಿಸುವ ಡಬ್ಬಿಯ ಹಿಂಬದಿ ಓದಿ, "ಆರು ವರ್ಷದವರಿಗೆ ಅಂತ ಬರೆದಿದೆ," ಎಂದಳು. ಲಿಪ್‌ಸ್ಟಿಕ್ ಸೆಟ್ಟನ್ನು ಅಮ್ಮನೇ ಬೇಡವೆಂದಳು. ಬೀಗವಿರುವ ಡೈರಿ ಹುಡುಗಿಗೆ ಹಿಡಿಸಿತು.

"ಇನ್ನೊಂದು ಕೀ ನನ್ನ ಹತ್ರ ಇರ್ಲಿ," ಎಂದಳು ಅಮ್ಮ.

ಹುಡುಗಿ ಡೈರಿಯನ್ನು ವಾಪಸ್ ಇಟ್ಟಳು.

"ಮತ್ತೇನು ಬೇಕೇ ನಿಂಗೆ?" ಉಡುಗೊರೆ ಕೊಡಿಸಲೆಂದೇ ಊರಿಂದ ಬಂದಿದ್ದ ಸೋದರತ್ತೆ ಕೇಳಿದಳು.

"ಇಪ್ಪತ್ನಾಲ್ಕು ಇಂಚಿನ ಸೈಕಲ್. ಹಳೇದ್ರಲ್ಲಿ ಮಂಡಿ ಹ್ಯಾಂಡಲ್‌ಗೆ ಬಡಿಯುತ್ತೆ. ಸ್ಕೂಲಿಗೆ ಇನ್ಮೇಲೆ ನಾನೇ ಹೋಗ್ತೀನಿ."

"ಒಬ್ಬಳೇ ರೋಡಿಗಾ? ದೊಡ್ಡವಳಾದ್ಮೇಲೆ ನೋಡೋಣ," ಎಂದಳು ಅಮ್ಮ.

ಅತ್ತೆ ನಕ್ಕು ಹುಡುಗಿಯ ಗಲ್ಲ ಹಿಂಡಿದಳು. "ಹೌದು ಪುಟ್ಟಾ. ನೀನು ದೊಡ್ಡವಳಾದಾಗ ಸೀರೆ ಉಡಿಸಿ, ಹಸೆಗೆ ಕೂರಿಸಿ, ಊರಿಗೆಲ್ಲ ಹೇಳಿ ಆರತಿ ಮಾಡ್ತೀವಿ. ಆವತ್ತು ನೀನು ಕೇಳಿದ್ದು ಕೊಡಿಸ್ತೀನಿ, ನನ್ನಾಣೆ."

"ಕೇಳಿದ್ದು?"

"ಕೇಳಿದ್ದೇ."

ಹುಡುಗಿ ಅತ್ತೆಯ ಕೈ ಸರಿಸಿದಳು.

"ಆರತಿ ಬೇಡ. ಸೈಕಲ್ ಅಂಗಡಿ ಎದುರುಗಡೇನೇ ಇದೆ, ನಡೀರಿ. ನಾನು ಹೋದ ತಿಂಗಳೇ ದೊಡ್ಡವಳಾದೆ."